ರೇಟಿಂಗ್ ಒಪ್ಪದಿದ್ದಾಗ ಬರೆಯುವ ಮೇಲ್

ಏಪ್ರಿಲ್, ಮೇ ತಿಂಗಳು ಬಂತೆಂದರೆ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅಪ್ರೈಸಲ್ ಮಾತೇ ಮಾತು. ವರ್ಷವಿಡೀ ಮಾಡಿದ ಕೆಲಸಕ್ಕೆ ಒಂದೇ ಒಂದು ಅಂಕಿ ಬೀಳುತ್ತದೆ. ನಾಲ್ಕು ಬರಬೇಕು ಅಂದುಕೊಂಡವರಿಗೆ ಮೂರು ಬಂದಿರುತ್ತದೆ. ಅವತ್ತು ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಮ್ಯಾನೇಜರಿಗೆ ಮೇಲ್ ಬರೆಯಲು ಕೂರುತ್ತಾರೆ. ಅಂಥ ಮೇಲ್‌ಗಳನ್ನು ಓದುವ ಜಾಗದಲ್ಲಿ, ಅಂದರೆ ಎಚ್‌ಆರ್ ವಿಭಾಗದಲ್ಲಿ, ಬಹಳ ಕಾಲ ಕೂತವನು ನಾನು. ಅವುಗಳಲ್ಲಿ ಕೆಲವು ಮಾತ್ರ ಯಾಕೆ ಕೆಲಸ ಮಾಡುತ್ತವೆ ಎನ್ನುವುದು ಇವತ್ತಿನ ವಿಷಯ.

ಮೊದಲು ಆ ಮೇಲನ್ನು ಓದುವವರು ಯಾರು ಎಂದು ಕೇಳಿಕೊಳ್ಳಬೇಕು. ಮ್ಯಾನೇಜರ್ ಎಂದು ನೀವು ಹೇಳಬಹುದು. ಅದು ಅರ್ಧ ಸತ್ಯ. ದೊಡ್ಡ ಕಂಪನಿಗಳಲ್ಲಿ ರೇಟಿಂಗನ್ನು ಮ್ಯಾನೇಜರ್ ಒಬ್ಬರೇ ಕೊಡುವುದಿಲ್ಲ. ಅವರು ಸೂಚಿಸಿದ ಅಂಕಿ ಇನ್ನೊಂದು ಸಭೆಗೆ ಹೋಗುತ್ತದೆ. ನಾಲ್ಕೈದು ತಂಡಗಳ ಮ್ಯಾನೇಜರುಗಳು, ಅವರ ಮೇಲಿನವರು, ಎಚ್‌ಆರ್‌ನಿಂದ ಒಬ್ಬರು ಕೂತು ಎಲ್ಲರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಕೆಲವರು ಇದನ್ನು ಕ್ಯಾಲಿಬ್ರೇಷನ್ ಅನ್ನುತ್ತಾರೆ, ಕೆಲವರು ನಾರ್ಮಲೈಸೇಷನ್ ಅನ್ನುತ್ತಾರೆ. ಒಮ್ಮೆ ಬಂದ ಅಂಕಿ ಬದಲಾಗಬೇಕಾದರೆ ನಿಮ್ಮ ಮ್ಯಾನೇಜರ್ ಮತ್ತೆ ಅದೇ ಜನರ ಮುಂದೆ ಹೋಗಿ ಬಾಯಿ ತೆರೆಯಬೇಕು. ಆ ಕೋಣೆಯಲ್ಲಿ ನೀವು ಇರುವುದಿಲ್ಲ. ನಿಮ್ಮ ಮೇಲ್ ಇರುತ್ತದೆ. ಆದ್ದರಿಂದ ಒಂದು ಸಾಲನ್ನೂ ತಿದ್ದದೆ ಮ್ಯಾನೇಜರ್ ಮುಂದಕ್ಕೆ ಕಳಿಸಬಹುದಾದ ಮೇಲ್ ಬರೆದವರಿಗೆ ಅರ್ಧ ಕೆಲಸ ಆದಂತೆ. ಓದಿದ ಮ್ಯಾನೇಜರಿಗೆ ಮುಜುಗರವಾಗುವಂಥದ್ದನ್ನು ಬರೆದರೆ ಅದು ಅವರ ಇನ್‌ಬಾಕ್ಸಿನಲ್ಲೇ ಉಳಿಯುತ್ತದೆ.

ಒಂದು ಉದಾಹರಣೆ ಕಟ್ಟಿಕೊಂಡು ಕೊನೆಯವರೆಗೆ ಅದರ ಜೊತೆಯಲ್ಲೇ ಹೋಗೋಣ. ಒಬ್ಬಳು ಸಪೋರ್ಟ್ ಇಂಜಿನಿಯರ್ ಇದ್ದಾಳೆ ಎಂದುಕೊಳ್ಳಿ. ಒಂದು ಬ್ಯಾಂಕಿನ ತಂತ್ರಾಂಶ ಕೈಕೊಟ್ಟಾಗ ಬರುವ ದೂರುಗಳನ್ನು, ಅವರ ಮಾತಿನಲ್ಲಿ ಟಿಕೆಟ್‌ಗಳನ್ನು, ಬಗೆಹರಿಸುವುದು ಅವಳ ಕೆಲಸ. ಒಂದೊಂದು ಟಿಕೆಟ್ಟಿಗೂ ಇಷ್ಟು ಗಂಟೆಯೊಳಗೆ ಮುಗಿಯಬೇಕೆಂಬ ಗಡುವು ಇರುತ್ತದೆ. ಆ ಗಡುವಿಗೆ ಎಸ್‌ಎಲ್‌ಎ ಎಂದು ಹೆಸರು. ಅವಳ ಕಂಪನಿಯಲ್ಲಿ ಐದು ಅಂಕಗಳ ಅಳತೆ, ಐದು ಎಂದರೆ ಅತ್ಯುತ್ತಮ. ಅವಳಿಗೆ ಮೂರು ಬಂದಿದೆ.

ಅವಳು ಮೊದಲು ಬರೆಯುವ ಮೇಲ್ ಹೇಗಿರುತ್ತದೆ ಎಂದು ನಾನು ಕಣ್ಣುಮುಚ್ಚಿ ಹೇಳಬಲ್ಲೆ. ಶನಿವಾರ ಭಾನುವಾರ ಎನ್ನದೆ ದುಡಿದೆ, ಯುಗಾದಿ ಹಬ್ಬಕ್ಕೂ ಊರಿಗೆ ಹೋಗಲಿಲ್ಲ, ನನಗಿಂತ ಕಡಿಮೆ ಕೆಲಸ ಮಾಡಿದವರಿಗೆ ನಾಲ್ಕು ಕೊಟ್ಟಿದ್ದೀರಿ, ಇದು ನನ್ನ ಆತ್ಮವಿಶ್ವಾಸವನ್ನೇ ಕುಗ್ಗಿಸಿದೆ, ಹೀಗೇ ಆದರೆ ಬೇರೆ ದಾರಿ ನೋಡಿಕೊಳ್ಳಬೇಕಾಗುತ್ತದೆ. ಇದರಲ್ಲಿ ಸುಳ್ಳು ಒಂದೂ ಇಲ್ಲದಿರಬಹುದು. ಆದರೆ ಆ ಸಭೆಯಲ್ಲಿ ಇದನ್ನು ಇಟ್ಟು ನೋಡಿ. ಎಷ್ಟು ಹೊತ್ತು ದುಡಿದಳು ಎನ್ನುವುದಕ್ಕೆ ಅವಳ ಗುರಿಪತ್ರದಲ್ಲಿ ಅಂಕವೇ ಇಲ್ಲ. ಪಕ್ಕದವನ ರೇಟಿಂಗ್ ಎತ್ತಿದರೆ ಮ್ಯಾನೇಜರ್ ಉತ್ತರ ಕೊಡುವ ಹಾಗೂ ಇಲ್ಲ, ಏಕೆಂದರೆ ಇನ್ನೊಬ್ಬರ ಅಂಕವನ್ನು ಅವರು ಚರ್ಚಿಸುವಂತಿಲ್ಲ. ಸಾಲದ್ದಕ್ಕೆ ಅದು ನಿಮಗೆ ಹೇಗೆ ಗೊತ್ತಾಯಿತು ಎಂಬ ಬೇರೆಯೇ ವಿಚಾರಣೆ ಶುರುವಾಗಬಹುದು. ಇನ್ನು ಬೇರೆ ದಾರಿ ನೋಡಿಕೊಳ್ಳುತ್ತೇನೆ ಎಂಬ ಸಾಲು. ಅದನ್ನು ಓದಿದವರು ಆಮೇಲೆ ಉಳಿದ ಯಾವ ಸಾಲನ್ನೂ ಓದುವುದಿಲ್ಲ. ಇವಳು ಹೋದರೆ ಯಾರನ್ನು ಹಾಕುವುದು ಎಂದು ಯೋಚಿಸತೊಡಗುತ್ತಾರೆ.

ಆ ಮೇಲನ್ನು ಬರೆಯಬೇಡಿ ಎಂದು ನಾನು ಹೇಳುವುದಿಲ್ಲ. ಬರೆಯಿರಿ, ಆದರೆ ವಿಳಾಸದ ಜಾಗ ಖಾಲಿ ಬಿಟ್ಟು ಬರೆಯಿರಿ.

ಮಾರನೆಯ ದಿನ ಅವಳು ತೆರೆಯಬೇಕಾದದ್ದು ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಇಬ್ಬರೂ ಒಪ್ಪಿದ ಗುರಿಪತ್ರ. ಅದರಲ್ಲಿ ನಾಲ್ಕು ಗುರಿಗಳಿವೆ, ಪ್ರತಿಯೊಂದಕ್ಕೂ ಒಂದು ತೂಕ. ಟಿಕೆಟ್‌ಗಳನ್ನು ಗಡುವಿನೊಳಗೆ ಮುಗಿಸುವುದಕ್ಕೆ ನೂರಕ್ಕೆ 40. ಕೈಯಲ್ಲಿ ಮಾಡುವ ಕೆಲಸವನ್ನು ಸ್ಕ್ರಿಪ್ಟ್ ಬರೆದು ತಾನಾಗಿ ಆಗುವಂತೆ ಮಾಡುವುದಕ್ಕೆ 25. ಗ್ರಾಹಕರ ಸಮಾಧಾನಕ್ಕೆ 20. ಹೊಸಬರಿಗೆ ಕಲಿಸುವುದಕ್ಕೆ 15. ಮ್ಯಾನೇಜರ್ ಕೊಟ್ಟಿರುವುದು ಕಲಿಸುವುದಕ್ಕೆ 4, ಉಳಿದ ಮೂರಕ್ಕೂ 3. ತೂಕ ಹಾಕಿ ಕೂಡಿದರೆ 3.15 ಆಗುತ್ತದೆ. ಆ ಕಂಪನಿಯ ನಿಯಮದಲ್ಲಿ ಮೂರೂವರೆ ಮುಟ್ಟಿದರೆ 4, ಇಲ್ಲದಿದ್ದರೆ 3. ಹಾಗಾಗಿ 3.

ಈಗ ಅವಳು ನಾಲ್ಕೂ ಗುರಿಗಳ ಮೇಲೆ ಜಗಳಕ್ಕೆ ಹೋಗಬಹುದು. ಎಲ್ಲರೂ ಮಾಡುವುದು ಅದನ್ನೇ. ಆದರೆ ಒಂದೊಂದನ್ನೂ ಗುರಿಪತ್ರದ ಮಾತಿಗೆ ತಾಳೆ ಹಾಕಿ ನೋಡಿದರೆ ಚಿತ್ರ ಬೇರೆ. ಸ್ಕ್ರಿಪ್ಟ್ ವಿಷಯದಲ್ಲಿ 4 ಬೇಕಾದರೆ ಎರಡೂ ಸ್ಕ್ರಿಪ್ಟ್‌ಗಳು ಮಾರ್ಚ್ ಒಳಗೆ ಬಳಕೆಗೆ ಬಂದಿರಬೇಕಿತ್ತು. ಎರಡನೆಯದು ಮಾರ್ಚ್ ಕೊನೆಗೂ ಪರೀಕ್ಷೆಯಲ್ಲೇ ಇತ್ತು. ಆದ್ದರಿಂದ 3 ಸರಿಯೇ. ಗ್ರಾಹಕರ ವಿಷಯದಲ್ಲಿ ನವೆಂಬರ್‌ನಲ್ಲಿ ಒಂದು ದೂರು ಮೇಲಿನವರೆಗೂ ಹೋಗಿತ್ತು. ಅಲ್ಲೂ 3 ಸರಿ. ಉಳಿದದ್ದು ಮೊದಲ ಗುರಿ. ಗುರಿಪತ್ರ ಹೇಳುವುದು ಇಷ್ಟು: ವರ್ಷದ ಒಟ್ಟು ಟಿಕೆಟ್‌ಗಳಲ್ಲಿ ಶೇಕಡ 95 ಗಡುವಿನೊಳಗೆ ಮುಗಿದರೆ 3, ಶೇಕಡ 97 ಮುಗಿದರೆ 4. ಮ್ಯಾನೇಜರ್ ಬರೆದ ಷರಾ ಹೀಗಿದೆ: “ಪದೇ ಪದೇ ವಿಳಂಬವಾಗಿದೆ, ಮುಖ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್.”

ಇಲ್ಲಿದೆ ಗಂಟು. ಗುರಿ ಇರುವುದು ಇಡೀ ವರ್ಷಕ್ಕೆ, ಷರಾ ಇರುವುದು ಮೂರು ತಿಂಗಳ ಬಗ್ಗೆ. ಮ್ಯಾನೇಜರ್ ಕೆಟ್ಟವರು ಎಂದೇನೂ ಅಲ್ಲ. ಅವರು ವಿಮರ್ಶೆ ಬರೆಯಲು ಕೂತಾಗ ನೆನಪಿನಲ್ಲಿ ಉಳಿದದ್ದು ಆ ಮೂರು ತಿಂಗಳ ಗಲಾಟೆ. ಇಂಥದ್ದು ಪ್ರತಿವರ್ಷ ಆಗುತ್ತದೆ.

ಅವಳು ಟಿಕೆಟ್ ವ್ಯವಸ್ಥೆಯಿಂದ ಲೆಕ್ಕ ತೆಗೆಯುತ್ತಾಳೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಅವಳ ಹೆಸರಿನಲ್ಲಿ ಮುಗಿದ ಟಿಕೆಟ್ 612. ಗಡುವಿನೊಳಗೆ ಮುಗಿದದ್ದು 594. ಅಂದರೆ ಶೇಕಡ 97.06. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಾತ್ರ ತೆಗೆದರೆ 140ರಲ್ಲಿ 11 ತಡ, ಶೇಕಡ 92.1. ನೋಡಿ, ಮ್ಯಾನೇಜರ್ ಹೇಳಿದ್ದು ಸುಳ್ಳಲ್ಲ. ಅವಳು ಹೇಳುವುದೂ ಸುಳ್ಳಲ್ಲ. ಗುರಿಪತ್ರ ಯಾವ ಅಳತೆಯನ್ನು ಕೇಳಿದೆ ಎನ್ನುವುದಷ್ಟೇ ಪ್ರಶ್ನೆ.

ಈ ಒಂದು ಗುರಿಗೆ 3ರ ಬದಲು 4 ಬಂದರೆ ಒಟ್ಟು ಎಷ್ಟಾಗುತ್ತದೆ? ನಲವತ್ತು ತೂಕದ ಗುರಿಯಾದ್ದರಿಂದ 0.40 ಕೂಡುತ್ತದೆ, 3.55 ಆಗುತ್ತದೆ. ಮೂರೂವರೆಯ ಗೆರೆ ದಾಟಿತು. ಉಳಿದ ಮೂರರ ತಂಟೆಗೆ ಹೋಗುವ ಅಗತ್ಯವೇ ಇಲ್ಲ. ಸೋಲುವ ಎರಡು ವಾದಗಳನ್ನು ಗೆಲ್ಲುವ ಒಂದು ವಾದದ ಜೊತೆ ಕಳಿಸಿದರೆ ಓದುವವರು ಸೋಲುವುದನ್ನೇ ಹಿಡಿದು ಉತ್ತರ ಬರೆಯುತ್ತಾರೆ.

ಆದರೆ 97.06 ಎಂದರೆ ಕೂದಲೆಳೆಯ ಅಂತರ. ಇನ್ನೊಂದೇ ಒಂದು ಟಿಕೆಟ್ ತಡವಾಗಿದ್ದರೂ 593 ಆಗಿ ಶೇಕಡ 97ರ ಕೆಳಗೆ ಜಾರುತ್ತಿತ್ತು. ಇಷ್ಟು ತೆಳುವಾದ ಲೆಕ್ಕವನ್ನು ಕಳಿಸುವ ಮುಂಚೆ ತಾನೇ ಅದನ್ನು ಕೆಡವಲು ನೋಡಬೇಕು. ಮುಗಿದ ಮೇಲೆ ಮತ್ತೆ ತೆರೆದ ಟಿಕೆಟ್‌ಗಳು ಇವೆಯೇ, ಅವು ಎರಡು ಸಲ ಎಣಿಕೆಗೆ ಬಂದಿವೆಯೇ? ಅವಳ ಹೆಸರಿನಲ್ಲಿದ್ದು ಬೇರೆಯವರು ಮುಗಿಸಿದ್ದು ಎಷ್ಟು? ಇನ್ನೊಂದು ಕಡೆ, ಆ ಮೂರು ತಿಂಗಳಲ್ಲಿ ತಡವೆಂದು ದಾಖಲಾದ 11ರಲ್ಲಿ 4 ಟಿಕೆಟ್‌ಗಳು ಬ್ಯಾಂಕಿನವರ ಅನುಮತಿಗಾಗಿ ಕಾಯುತ್ತಿದ್ದವು. ಗ್ರಾಹಕರ ಉತ್ತರಕ್ಕೆ ಕಾಯುತ್ತಿದೆ ಎಂದು ಸ್ಥಿತಿ ಬದಲಿಸದೆ ಬಿಟ್ಟದ್ದರಿಂದ ಗಡಿಯಾರ ಓಡುತ್ತಲೇ ಇತ್ತು. ಅವನ್ನು ಬಿಟ್ಟು ಲೆಕ್ಕ ಹಾಕಿದರೆ ಅಂಕಿ ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಗೆ ಮಾಡಬಾರದು ಎನ್ನುವುದು ನನ್ನ ಅಭಿಪ್ರಾಯ. ಅವನ್ನೂ ತಡವೆಂದೇ ಎಣಿಸಿ, ಎಣಿಸಿದ್ದೇನೆ ಎಂದು ಒಂದು ಸಾಲು ಬರೆದರೆ ಸಾಕು. ತನಗೆ ವಿರೋಧವಾಗಿಯೇ ಎಣಿಸಿಕೊಂಡು ಗೆರೆ ದಾಟಿದವಳ ಲೆಕ್ಕವನ್ನು ಸಭೆ ನಂಬುತ್ತದೆ.

ಇನ್ನೊಂದು ಕಾಗದವನ್ನೂ ಅವಳು ನೋಡಬೇಕು, ಅದು ತನ್ನದೇ ಸ್ವಮೌಲ್ಯಮಾಪನ. ಫೆಬ್ರವರಿಯಲ್ಲಿ ಗಡಿಬಿಡಿಯಲ್ಲಿ ಆ ಗುರಿಗೆ ತಾನೇ 3 ಹಾಕಿಕೊಂಡಿದ್ದರೆ ಈಗ ಅದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಬೇಕು: ಆಗ ವರ್ಷದ ಪೂರ್ತಿ ಲೆಕ್ಕ ಇರಲಿಲ್ಲ, ಈಗ ಇದೆ ಎಂದು. ತಾನಾಗಿ ಹೇಳಿದರೆ ಅದೊಂದು ಮಾಹಿತಿ. ಅವರು ಹುಡುಕಿ ತೆಗೆದರೆ ಅದೇ ಅವಳ ವಿರುದ್ಧದ ಸಾಕ್ಷಿ.

ಮೇಲ್ ಕಳಿಸುವ ಮುಂಚೆ ಒಂದು ಸಲ ಎದುರಿಗೆ ಕೂತು ಮಾತಾಡಿರಬೇಕು. ಮಾತಿಲ್ಲದೆ ಬಂದ ಮೇಲ್ ನೋಟಿಸಿನ ಹಾಗೆ ಕಾಣುತ್ತದೆ. ಕಂಪನಿಗಳಲ್ಲಿ ಈ ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಬಾನುಲಿಗಾಗಿ ನಾನು ಕನ್ನಡದಲ್ಲಿ ಹೇಳುತ್ತೇನೆ.

“ವಿಷಯ: ವಾರ್ಷಿಕ ಮೌಲ್ಯಮಾಪನ, ಗುರಿ 1ರ ಅಂಕದ ಮರುಪರಿಶೀಲನೆಗೆ ಕೋರಿಕೆ.

ನಿನ್ನೆ ನನ್ನ ಜೊತೆ ಮಾತಾಡಿದ್ದಕ್ಕೆ ಧನ್ಯವಾದ. ಗುರಿ 1ಕ್ಕೆ ಕೊಟ್ಟಿರುವ 3 ಅಂಕವನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ಉಳಿದ ಮೂರು ಗುರಿಗಳ ಅಂಕ ನನಗೆ ಒಪ್ಪಿಗೆ.

ಗುರಿಪತ್ರದಲ್ಲಿ ಈ ಗುರಿಯ ಅಳತೆ ಇಡೀ ವರ್ಷದ ಟಿಕೆಟ್‌ಗಳು. ಶೇಕಡ 97 ಮುಟ್ಟಿದರೆ 4 ಅಂಕ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ನಾನು ಮುಗಿಸಿದ್ದು 612, ಗಡುವಿನೊಳಗೆ 594, ಶೇಕಡ 97.06.

ಷರಾದಲ್ಲಿ ಹೇಳಿರುವ ವಿಳಂಬ ಆಗಿದ್ದು ನಿಜ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 140ರಲ್ಲಿ 11 ತಡವಾಗಿವೆ. ಆ 11 ಮೇಲಿನ ಲೆಕ್ಕದಲ್ಲಿ ಸೇರಿವೆ. ಅವುಗಳಲ್ಲಿ 4 ಗ್ರಾಹಕರ ಅನುಮತಿಗಾಗಿ ಕಾಯುತ್ತಿದ್ದವು, ಅವನ್ನೂ ತಡವೆಂದೇ ಎಣಿಸಿದ್ದೇನೆ.

ವರದಿಯ ಲಿಂಕ್ ಕೆಳಗಿದೆ. ಯಾವ ಫಿಲ್ಟರ್ ಹಾಕಿದ್ದೇನೆ ಎಂಬುದನ್ನೂ ಬರೆದಿದ್ದೇನೆ. ಲೆಕ್ಕದಲ್ಲಿ ನಾನು ಬಿಟ್ಟದ್ದು ಏನಾದರೂ ಇದ್ದರೆ ತಿಳಿಸಿ. ಪೋರ್ಟಲ್ ಶುಕ್ರವಾರ ಮುಚ್ಚುವುದರಿಂದ ಗುರುವಾರದೊಳಗೆ ಹದಿನೈದು ನಿಮಿಷ ಸಿಕ್ಕರೆ ಅನುಕೂಲ.”

ಇಷ್ಟೇ. ಬೇಸರ, ನೋವು, ಅನ್ಯಾಯ ಇವು ಯಾವುದೂ ಇಲ್ಲ. ಸಂಬಳದ ಮಾತೂ ಇಲ್ಲ. ಇನ್‌ಕ್ರಿಮೆಂಟ್ ಕಡಿಮೆಯಾಯಿತು ಎಂಬ ದೂರನ್ನು ಇದರೊಳಗೆ ಸೇರಿಸಿದರೆ ಅಂಕದ ಪ್ರಶ್ನೆ ಹಣದ ಪ್ರಶ್ನೆಯಾಗಿ, ಬೇರೆ ಕಡತಕ್ಕೆ ಹೋಗಿಬಿಡುತ್ತದೆ. ಸ್ಕ್ರೀನ್‌ಶಾಟ್‌ಗಳ ರಾಶಿಯ ಬದಲು ವರದಿಯ ಲಿಂಕ್ ಯಾಕೆ ಎಂದರೆ, ಮ್ಯಾನೇಜರ್ ತಾವೇ ಒತ್ತಿ ನೋಡಿ ಅದೇ ಅಂಕಿ ಕಂಡರೆ ಆ ಅಂಕಿ ಅವರದೂ ಆಗುತ್ತದೆ. ಮೇಲ್ ಹೋಗುವುದು ಅವರೊಬ್ಬರಿಗೇ. ಮೊದಲ ಮೇಲ್‌ನಲ್ಲೇ ಎಚ್‌ಆರ್‌ಗೂ ಅವರ ಮೇಲಿನವರಿಗೂ ಪ್ರತಿ ಹಾಕಿದರೆ ಮ್ಯಾನೇಜರ್ ತಮ್ಮನ್ನು ಸಮರ್ಥಿಸಿಕೊಳ್ಳಲು ಕೂರುತ್ತಾರೆ, ನಿಮ್ಮ ಲೆಕ್ಕ ನೋಡಲು ಅಲ್ಲ. ಗಡುವು ಹತ್ತಿರ ಬಂದರೂ ಉತ್ತರ ಬಾರದಿದ್ದರೆ ಆಗ ಅದೇ ಮೇಲ್‌ಗೆ ಎಚ್‌ಆರ್‌ನವರನ್ನು ಸೇರಿಸಬಹುದು.

ಒಂದು ಎಚ್ಚರಿಕೆ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಸಾಕ್ಷ್ಯ ಸಂಗ್ರಹಿಸುವ ಭರದಲ್ಲಿ ಕಚೇರಿಯ ಮೇಲ್‌ಗಳನ್ನು, ಗ್ರಾಹಕರ ಹೆಸರಿರುವ ಹಾಳೆಗಳನ್ನು ತಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವವರಿದ್ದಾರೆ. ಬ್ಯಾಂಕಿನಂಥ ಗ್ರಾಹಕರಿರುವ ಕಡೆ ಅದು ಮಾಹಿತಿ ಸೋರಿಕೆಯ ಪ್ರಕರಣವಾಗುತ್ತದೆ. ರೇಟಿಂಗ್ ಕೇಳಲು ಹೋದವರು ಕೆಲಸವನ್ನೇ ಕಳೆದುಕೊಳ್ಳಬಹುದು. ಸಾಕ್ಷ್ಯ ಇರುವ ವ್ಯವಸ್ಥೆಯೊಳಗೇ ಇರಲಿ, ಅದರ ದಾರಿಯನ್ನಷ್ಟೇ ತೋರಿಸಿ. ಇನ್ನು ಪೋರ್ಟಲ್‌ನಲ್ಲಿ ಒಂದು ಬಟನ್ ಇರುತ್ತದಲ್ಲ, ರೇಟಿಂಗ್ ನೋಡಿದ್ದೇನೆ ಎನ್ನುವುದಕ್ಕೆ. ಕೆಲವು ಕಡೆ ಅದನ್ನು ಒತ್ತಿದರೆ ನೋಡಿದೆ ಎಂದಷ್ಟೇ ಅರ್ಥ, ಕೆಲವು ಕಡೆ ಒಪ್ಪಿದೆ ಎಂದೇ ದಾಖಲಾಗಿ ಕಡತ ಮುಚ್ಚುತ್ತದೆ. ಯಾವುದು ಎಂದು ಕೇಳಿ ತಿಳಿದ ಮೇಲೆ ಒತ್ತಿ.

ಸರ್ಕಾರಿ ನೌಕರಿಯಲ್ಲಿರುವ ಕೇಳುಗರು ಇದೆಲ್ಲ ಖಾಸಗಿಯವರ ತಲೆನೋವು ಎಂದುಕೊಂಡಿರಬಹುದು. ಹಾಗಲ್ಲ. ಅಸಲಿಗೆ ಈ ವಿಷಯದಲ್ಲಿ ಸ್ಪಷ್ಟವಾದ ನಿಯಮ ಇರುವುದು ಸರ್ಕಾರದಲ್ಲೇ. ಗಡಿ ರಸ್ತೆ ಸಂಸ್ಥೆಯ ದೇವ್ ದತ್ ಎಂಬ ಇಂಜಿನಿಯರಿಗೆ ಒಂದು ವರ್ಷದ ಗೋಪ್ಯ ವರದಿಯಲ್ಲಿ “ಉತ್ತಮ” ಎಂದು ಬರೆದಿದ್ದರು. ಕೇಳಲು ಚೆನ್ನಾಗಿದೆ. ಆದರೆ ಬಡ್ತಿಗೆ “ಬಹಳ ಉತ್ತಮ” ಬೇಕಿತ್ತು. ಹೊಗಳಿಕೆಯ ಹಾಗೆ ಕಾಣುವ ಆ ಒಂದು ಷರಾದಿಂದ ಬಡ್ತಿ ತಪ್ಪಿತು, ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಒಳ್ಳೆಯದಿರಲಿ ಕೆಟ್ಟದ್ದಿರಲಿ ಪ್ರತಿಯೊಂದು ಷರಾವನ್ನೂ ನೌಕರರಿಗೆ ತಿಳಿಸಬೇಕು, ಆಕ್ಷೇಪಿಸಲು ಅವಕಾಶ ಕೊಡಬೇಕು. ಮುಂದಿನ ವರ್ಷ, 2009ರ ಮೇ 14ರಂದು, ಕೇಂದ್ರದ ಸಿಬ್ಬಂದಿ ಇಲಾಖೆ ಆದೇಶ ಹೊರಡಿಸಿತು. ಕೇಂದ್ರ ನೌಕರರು ವರದಿ ಕೈಸೇರಿದ 15 ದಿನದೊಳಗೆ ಮನವಿ ಕೊಡಬಹುದು. ಆ ಆದೇಶದಲ್ಲಿ ಇನ್ನೊಂದು ಮಾತಿದೆ, ಅದೇ ನನಗೆ ಮುಖ್ಯವಾಗಿ ಕಾಣುವುದು: ಮನವಿಯು ವರದಿಯಲ್ಲಿರುವ ನಿರ್ದಿಷ್ಟ ವಾಸ್ತವಾಂಶಗಳಿಗೆ ಮಾತ್ರ ಸೀಮಿತವಾಗಿರಬೇಕು. ನಮ್ಮ ಇಂಜಿನಿಯರ್ ತಾನಾಗಿ ಆರಿಸಿಕೊಂಡ ದಾರಿಯನ್ನು ಅಲ್ಲಿ ನಿಯಮವೇ ಮಾಡಿದ್ದಾರೆ. ಖಾಸಗಿ ಕಂಪನಿಗೆ ಈ ಆದೇಶ ಅನ್ವಯಿಸುವುದಿಲ್ಲ. ಅಲ್ಲಿ ಕಂಪನಿಯ ಕೈಪಿಡಿಯೇ ಶಾಸ್ತ್ರ. ಅದರಲ್ಲಿ ಎಷ್ಟು ದಿನದೊಳಗೆ ಕೇಳಬೇಕು, ಯಾರಿಗೆ ಕೇಳಬೇಕು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಯಾರೂ ಓದಿರುವುದಿಲ್ಲ, ಅಷ್ಟೆ.

ಮೇಲ್ ಹೋಯಿತು. ಮ್ಯಾನೇಜರ್ ಎರಡು ದಿನ ಬಿಟ್ಟು ಉತ್ತರಿಸುತ್ತಾರೆ: ನಿಮ್ಮ ಪಟ್ಟಿಯಲ್ಲಿರುವ 2 ಟಿಕೆಟ್‌ಗಳನ್ನು ರಾತ್ರಿ ಪಾಳಿಯವರು ಮುಗಿಸಿದ್ದು. ಅವಳು ನೋಡುತ್ತಾಳೆ, ಹೌದು. ತಾನೇ ಪರೀಕ್ಷಿಸಿದಾಗ ಕಣ್ಣು ತಪ್ಪಿಸಿಕೊಂಡವು ಅವು. ಎರಡೂ ಗಡುವಿನೊಳಗೆ ಮುಗಿದವು, ಆದ್ದರಿಂದ ಎರಡೂ ಕಡೆಯಿಂದ ತೆಗೆದರೆ 610ರಲ್ಲಿ 592. ಶೇಕಡ 97.05. ಇನ್ನೂ ಗೆರೆಯ ಮೇಲೇ ಇದೆ. ಅವಳು ಬರೆಯಬೇಕಾದದ್ದು ಎರಡೇ ಸಾಲು: ಗಮನಿಸಿದ್ದಕ್ಕೆ ಧನ್ಯವಾದ, ತಿದ್ದಿದ ಲೆಕ್ಕ ಹೀಗಿದೆ. ಮ್ಯಾನೇಜರ್ ಒಂದು ತಪ್ಪು ಹುಡುಕಿ, ತಿದ್ದಿಸಿ, ಆಮೇಲೂ ಲೆಕ್ಕ ನಿಂತಿತು ಎಂದರೆ ಈಗ ಅವರೇ ಅದರ ಪರ ವಾದಿಸಲು ಹೆಚ್ಚು ಧೈರ್ಯದಿಂದ ಹೋಗುತ್ತಾರೆ.

ಹೋದರೂ ಆಗದಿರಬಹುದು. ಕೆಲವು ಕಂಪನಿಗಳಲ್ಲಿ ಇಂತಿಷ್ಟು ಜನರಿಗೆ ಮಾತ್ರ 4 ಎಂಬ ಮಿತಿ ಇರುತ್ತದೆ. ಬೆಲ್ ಕರ್ವ್ ಎಂದು ಎಲ್ಲರೂ ಶಪಿಸುವುದು ಇದನ್ನೇ. ಮೈಕ್ರೋಸಾಫ್ಟ್ ತನ್ನಲ್ಲಿದ್ದ ಇಂಥ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು. ಹಾಗೆಂದು ಅದು ಎಲ್ಲೆಡೆ ಹೋಗಿಲ್ಲ. ನಿಮ್ಮ ಅಂಕಿಯನ್ನು ಇಳಿಸಿದ್ದು ಇದೇ ಎಂದು ತಿಳಿಯುವುದು ಹೇಗೆ? ಗುರಿವಾರು ಅಂಕಗಳನ್ನು ತೂಕ ಹಾಕಿ ಕೂಡಿದರೆ 4 ಬರುತ್ತದೆ, ಷರಾಗಳೆಲ್ಲ ಚೆನ್ನಾಗಿವೆ, ಆದರೂ ಕೊನೆಯ ಅಂಕಿ 3. ಹಾಗಿದ್ದರೆ ನಿಮ್ಮ ಕೆಲಸದ ಬಗ್ಗೆ ಇನ್ನಷ್ಟು ಸಾಕ್ಷ್ಯ ಕಳಿಸಿ ಉಪಯೋಗವಿಲ್ಲ, ಏಕೆಂದರೆ ನಿಮ್ಮ ಕೆಲಸವನ್ನು ಅಲ್ಲಿ ಯಾರೂ ಅಲ್ಲಗಳೆದಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಬೇರೆ: ಗುರಿವಾರು ಒಟ್ಟು 3.55 ಇದ್ದು ಅಂತಿಮ ಅಂಕ 3 ಆಗಿದೆ, ಯಾವ ಹಂತದಲ್ಲಿ ಬದಲಾಯಿತು, ಅದರ ಪುನರ್ವಿಮರ್ಶೆಗೆ ಕೈಪಿಡಿಯಲ್ಲಿ ದಾರಿ ಇದೆಯೇ? ಇದನ್ನೂ ಅಷ್ಟೇ ಶಾಂತವಾಗಿ ಕೇಳಬಹುದು.

ಅಂಕಿ ಬದಲಾಗದೇ ಹೋದರೂ ಅವಳು ಬಿಡಬಾರದ ಒಂದು ಸಂಗತಿ ಇದೆ, ಆ ಷರಾ. “ಪದೇ ಪದೇ ವಿಳಂಬ” ಎಂಬ ಮಾತು ದಾಖಲೆಯಲ್ಲಿ ಉಳಿದರೆ ಎರಡು ವರ್ಷದ ಮೇಲೆ ಬೇರೆ ತಂಡಕ್ಕೆ ಹೋಗಲು ಅರ್ಜಿ ಹಾಕಿದಾಗ ಹೊಸ ಮ್ಯಾನೇಜರ್ ಓದುವುದು ಅದನ್ನೇ. ಮೂರೋ ನಾಲ್ಕೋ ಎನ್ನುವುದು ಅವರಿಗೆ ಅಷ್ಟು ಮುಖ್ಯವಲ್ಲ. ಅಂಕಿಗೆ ಸಭೆಯ ಒಪ್ಪಿಗೆ ಬೇಕು, ಆದರೆ ಷರಾವನ್ನು ಸಾಮಾನ್ಯವಾಗಿ ಮ್ಯಾನೇಜರ್ ಒಬ್ಬರೇ ತಿದ್ದಬಹುದು. ಆದ್ದರಿಂದ ಅವಳ ಕೊನೆಯ ಮೇಲ್ ಹೀಗಿರಲಿ: ಅಂತಿಮ ಅಂಕ ಬದಲಾಗುವುದಿಲ್ಲ ಎಂದು ತಿಳಿಯಿತು, ಷರಾವನ್ನು “ವರ್ಷದಲ್ಲಿ ಶೇಕಡ 97.05, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 11 ವಿಳಂಬ” ಎಂದು ಬದಲಿಸಲು ಕೋರುತ್ತೇನೆ. ಪೋರ್ಟಲ್ ಮುಚ್ಚಿಹೋಗಿದ್ದರೆ ನೌಕರರ ಅಭಿಪ್ರಾಯ ಎಂಬ ಜಾಗದಲ್ಲಿ ತಾನೇ ಇದೇ ಎರಡು ಅಂಕಿಗಳನ್ನು ಬರೆಯಬಹುದು. ಅಷ್ಟರಲ್ಲಿ ಹೊಸ ವರ್ಷದ ಗುರಿಪತ್ರ ಅವಳ ಮೇಜಿಗೆ ಬಂದಿರುತ್ತದೆ. ಅದರ ಮೊದಲ ಗುರಿಯ ಪಕ್ಕದಲ್ಲಿ ಈ ಸಲ ಅವಳು ಕೇಳಿ ಬರೆಸಿಕೊಳ್ಳಲಿ: ಲೆಕ್ಕ ಇಡೀ ವರ್ಷದ್ದು, ಟಿಕೆಟ್ ಮುಗಿಸಿದವರ ಹೆಸರಿನಲ್ಲಿ ಎಣಿಕೆ, ಗ್ರಾಹಕರಿಗಾಗಿ ಕಾದ ಹೊತ್ತು ಎಣಿಕೆಗಿಲ್ಲ.